ಫೋಟೋದಲ್ಲಿ ಕಲ್ಲು ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ

ಪ್ರಶ್ನೆ: ಮೂರು ಕಲ್ಲುಗಳ ಫೋಟೋ ಕಳುಹಿಸಿದ್ದೇನೆ. ಒಂದು ಕಪ್ಪಗಿದೆ, ಮೈತುಂಬ ತೂತುಗಳಿವೆ. ಉಲ್ಕೆ ಇರಬಹುದೇ ಎಂದು ಮನೆಯವರು ಕೇಳುತ್ತಿದ್ದಾರೆ. ಎರಡನೆಯದರಲ್ಲಿ ಬಿಳಿ, ಕಪ್ಪು ಪಟ್ಟೆಗಳಿವೆ. ಮೂರನೆಯದು ಬೆಳ್ಳಗೆ, ಸಕ್ಕರೆಯಂತೆ ಮಿನುಗುತ್ತದೆ. ಇವು ಯಾವ ಕಲ್ಲುಗಳು? ಫೋಟೋ ನೋಡಿ ಕಲ್ಲು ಗುರುತಿಸಲು ಸಾಧ್ಯವೇ?

ಉತ್ತರ: ಮೊದಲನೆಯದು ಲಾವಾ ಆರಿ ಆದ, ಗುಳ್ಳೆಗಳಿರುವ ಬಸಾಲ್ಟ್, ಎರಡನೆಯದು ನೈಸ್, ಅಂದರೆ ಒತ್ತಡ, ಬಿಸಿಗೆ ಸಿಕ್ಕಿ ಬದಲಾದ ರೂಪಾಂತರ ಶಿಲೆ. ಇವೆರಡನ್ನೂ ಫೋಟೋ ನೋಡಿಯೇ ಸಾಕಷ್ಟು ಧೈರ್ಯದಿಂದ ಹೇಳಬಲ್ಲೆ. ಮೂರನೆಯದರ ಹೆಸರನ್ನು ಮಾತ್ರ ಹೇಳುವುದಿಲ್ಲ. ಮೂರರಲ್ಲಿ ಅತ್ಯಂತ ಸ್ಪಷ್ಟವಾಗಿ ಬಂದಿರುವುದು ಅದೇ ಫೋಟೋ, ಆದರೂ ಅದು ಅಮೃತಶಿಲೆಯೋ ಕ್ವಾರ್ಟ್ಸೈಟೋ ಎಂದು ಚಿತ್ರದಿಂದ ತೀರ್ಮಾನಿಸಲು ನನ್ನಿಂದಾಗದು. ಹೀಗೇಕೆ ಎಂಬುದು ತಿಳಿದರೆ ಮುಂದೆ ಸಿಗುವ ಕಲ್ಲುಗಳನ್ನು ನೀವೇ ಪರೀಕ್ಷಿಸಬಹುದು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಲ್ಲೊಂದನ್ನು ಕೈಗೆತ್ತಿಕೊಂಡಾಗ ನಾವು ಕೇಳುವುದು ಎರಡು ಬೇರೆ ಬೇರೆ ಪ್ರಶ್ನೆ. ಇದರ ಕಣಗಳು ಎಷ್ಟು ದೊಡ್ಡವು, ಒಂದರ ಪಕ್ಕ ಒಂದು ಹೇಗೆ ಕೂತಿವೆ ಎಂಬುದು ಮೊದಲನೆಯದು. ಆ ಕಣಗಳು ಯಾವ ಖನಿಜದವು ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಕಣ್ಣೇ ಸಾಕು, ಹಾಗಾಗಿ ಒಳ್ಳೆಯ ಫೋಟೋವೂ ಸಾಕು. ಕಲ್ಲು ಹುಟ್ಟಿದ ಬಗೆ ಅಲ್ಲಿಂದಲೇ ಬಹುಪಾಲು ತಿಳಿಯುತ್ತದೆ. ಎರಡನೆಯ ಪ್ರಶ್ನೆಗೆ ಗಡಸುತನ, ಒರೆಯ ಬಣ್ಣ, ಆಮ್ಲಕ್ಕೆ ನೊರೆ ಬರುತ್ತದೆಯೇ, ತೂಕವೆಷ್ಟು ಎಂಬ ಗುಣಗಳು ಬೇಕು. ಇವುಗಳಲ್ಲಿ ಒಂದೂ ಫೋಟೋದೊಳಗೆ ಬರುವುದಿಲ್ಲ. ಬಣ್ಣ ಬರುತ್ತದೆಯಾದರೂ ಅದನ್ನು ನಾನು ಕೊನೆಯ ಸಾಕ್ಷಿಯಾಗಿ ಮಾತ್ರ ಕರೆಯುತ್ತೇನೆ. ಒಂದೇ ಬೆಣಚುಕಲ್ಲು, ಅಂದರೆ ಕ್ವಾರ್ಟ್ಸ್, ಬಿಳಿ, ಗುಲಾಬಿ, ಹೊಗೆ ಬಣ್ಣ, ನೇರಳೆ ಹೀಗೆ ಹಲವು ವೇಷದಲ್ಲಿ ಸಿಗುತ್ತದೆ. ಕಬ್ಬಿಣದ ತುಕ್ಕು ಹತ್ತಿದರೆ ಯಾವ ಕಲ್ಲೂ ಕಂದಾಗಬಹುದು.

ಮೊದಲು ಕಣದ ಗಾತ್ರ. ನಿಮ್ಮ ಮೊದಲ ಫೋಟೋದಲ್ಲಿ ಕಲ್ಲಿನ ಪಕ್ಕ ಪೆನ್ನಿನ ಮುಚ್ಚಳ ಇಟ್ಟಿದ್ದೀರಿ. ಅದರಿಂದ ಎಷ್ಟು ಉಪಕಾರವಾಯಿತೆಂದರೆ, ದೊಡ್ಡ ತೂತು ಸುಮಾರು ಎಂಟು ಮಿಲಿಮೀಟರ್ ಅಗಲವಿದೆ, ತೂತುಗಳ ನಡುವಿನ ಕಪ್ಪು ಭಾಗದಲ್ಲಿ ಅರ್ಧ ಮಿಲಿಮೀಟರಿನ ಕಣವೂ ಕಾಣುತ್ತಿಲ್ಲ ಎಂದು ಅಳೆದು ಹೇಳಲು ಸಾಧ್ಯವಾಯಿತು. ಅಳತೆಗೆ ಏನೂ ಇಡದ ಫೋಟೋದಲ್ಲಿ ದೊಡ್ಡ ಬಂಡೆಯೂ ಸಣ್ಣ ಕಲ್ಲಿನ ಚೂರೂ ಒಂದೇ ರೀತಿ ಕಾಣುತ್ತವೆ. ಆಗ ಕಣದ ಗಾತ್ರ ಬರೀ ಊಹೆಯಾಗುತ್ತದೆ.

ಗಾತ್ರಕ್ಕೆ ಇಷ್ಟು ಮಹತ್ವ ಬರುವುದು ಏಕೆಂದರೆ, ಕರಗಿದ ಶಿಲಾಪಾಕ ಆರಿ ಗಟ್ಟಿಯಾಗುವಾಗ ಹರಳು ಬೆಳೆಯಲು ಸಮಯ ಬೇಕು. ನೆಲದಾಳದಲ್ಲಿ ನಿಧಾನವಾಗಿ ತಣಿದರೆ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತವೆ, ಗ್ರಾನೈಟಿನಲ್ಲಿ ಕಾಣುವ ಹಾಗೆ. ಅದೇ ಪಾಕ ನೆಲದ ಮೇಲೆ ಉಕ್ಕಿ ಹರಿದರೆ ಬೇಗ ತಣಿಯುತ್ತದೆ. ಹರಳುಗಳು ಹುಟ್ಟುತ್ತವೆ, ಬೆಳೆಯಲು ಪುರಸೊತ್ತಿರುವುದಿಲ್ಲ. ಬಸಾಲ್ಟ್ ಹೀಗೆ ಹುಟ್ಟಿದ್ದು. ಬಸಾಲ್ಟ್, ಡಾಲರೈಟ್, ಗ್ಯಾಬ್ರೊ ಈ ಮೂರರ ರಾಸಾಯನಿಕ ಸಂಯೋಜನೆ ಹೆಚ್ಚುಕಡಿಮೆ ಒಂದೇ. ನುಣ್ಣನೆಯದು ಬಸಾಲ್ಟ್, ನಡು ಗಾತ್ರದ್ದು ಡಾಲರೈಟ್, ಒರಟು ಹರಳಿನದು ಗ್ಯಾಬ್ರೊ. ಮೂರಕ್ಕೂ ಹೆಸರು ಕೊಟ್ಟಿರುವುದು ಕಣದ ಗಾತ್ರವೇ. ಕೆಲವು ಕಲ್ಲುಗಳಲ್ಲಿ ನುಣ್ಣನೆಯ ಮೈಯೊಳಗೆ ಅಲ್ಲಲ್ಲಿ ದೊಡ್ಡ ಹರಳುಗಳು ಕೂತಿರುತ್ತವೆ. ಪಾಕ ಆಳದಲ್ಲಿ ಸ್ವಲ್ಪ ಕಾಲ ನಿಧಾನವಾಗಿ ತಣಿದು, ಆಮೇಲೆ ತಟ್ಟನೆ ಮೇಲೆ ಬಂದು ಆರಿತು ಎಂದು ಅದರ ಅರ್ಥ. ಇದು ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ.

ಗಾತ್ರದ ಜೊತೆಗೆ ಕಣಗಳ ಅಂಚನ್ನೂ ನೋಡಬೇಕು. ಕರಗಿ ಗಟ್ಟಿಯಾದ ಕಲ್ಲಿನಲ್ಲಿ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ನಡುವೆ ಖಾಲಿ ಜಾಗ ಉಳಿಯುವುದಿಲ್ಲ. ಮರಳುಗಲ್ಲಿನಲ್ಲಿ ಕಣಗಳು ದುಂಡಗೆ ಸವೆದಿರುತ್ತವೆ, ಅವುಗಳ ಸಂದಿಯಲ್ಲಿ ಗಾರೆಯಂತೆ ಬೇರೊಂದು ವಸ್ತು ಅಂಟಿಕೊಂಡಿರುತ್ತದೆ. ಭೂವಿಜ್ಞಾನದಲ್ಲಿ ಎರಡು ಮಿಲಿಮೀಟರಿನಿಂದ ಒಂದು ಮಿಲಿಮೀಟರಿನ ಹದಿನಾರನೆಯ ಒಂದು ಭಾಗದವರೆಗಿನ ಕಣಗಳಿಗೆ ಮಾತ್ರ ಮರಳು ಎನ್ನುತ್ತಾರೆ. ಅದಕ್ಕಿಂತ ಸಣ್ಣದು ಗೋಡು ಮತ್ತು ಜೇಡಿ. ಅಲ್ಲಿಗೆ ಮೊಬೈಲ್ ಕ್ಯಾಮೆರಾದ ಶಕ್ತಿ ಮುಗಿಯುತ್ತದೆ. ನುಣ್ಣನೆಯ ಕಪ್ಪು ಕಲ್ಲಿನ ಫೋಟೋ ಕಳುಹಿಸಿ ಹೆಸರು ಕೇಳಿದರೆ ನಾನು ಹಿಂಜರಿಯುವುದು ಇದಕ್ಕೇ. ಬಸಾಲ್ಟ್, ಕಪ್ಪು ಸುಣ್ಣಕಲ್ಲು, ಗಟ್ಟಿಯಾದ ಜೇಡಿಗಲ್ಲು ಎಲ್ಲವೂ ಚಿತ್ರದಲ್ಲಿ ಒಂದೇ ಕಪ್ಪು ಮುದ್ದೆ.

ನಿಮ್ಮ ಮೊದಲ ಕಲ್ಲಿನಲ್ಲಿ ಆ ಹಿಂಜರಿಕೆ ಇಲ್ಲದಿರುವುದು ತೂತುಗಳ ದೆಸೆಯಿಂದ. ಆದರೆ ತೂತು ಇದ್ದ ಮಾತ್ರಕ್ಕೆ ಅದು ಗುಳ್ಳೆಯೆಂದು ಹೇಳಲಾಗುವುದಿಲ್ಲ. ಆಳದ ಒತ್ತಡದಲ್ಲಿ ಶಿಲಾಪಾಕದೊಳಗೆ ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳು ಕರಗಿರುತ್ತವೆ. ಪಾಕ ಮೇಲೇರಿ ಒತ್ತಡ ಇಳಿದಂತೆ ಅವು ಬೇರ್ಪಟ್ಟು ಗುಳ್ಳೆಗಳಾಗುತ್ತವೆ. ಗುಳ್ಳೆ ಹೊರಬೀಳುವ ಮೊದಲೇ ಲಾವಾ ಗಟ್ಟಿಯಾದರೆ ಅದರ ಅಚ್ಚು ಕಲ್ಲಿನಲ್ಲಿ ಉಳಿಯುತ್ತದೆ. ಹೀಗೆ ಹುಟ್ಟಿದ ತೂತಿಗೆ ದುಂಡು ಅಥವಾ ಮೊಟ್ಟೆಯ ಆಕಾರ ಇರುತ್ತದೆ, ಒಳಗೋಡೆ ನಯವಾಗಿರುತ್ತದೆ. ಲಾವಾ ಇನ್ನೂ ಹರಿಯುತ್ತಿದ್ದರೆ ಎಲ್ಲ ಗುಳ್ಳೆಗಳೂ ಒಂದೇ ದಿಕ್ಕಿಗೆ ಎಳೆದಂತೆ ಉದ್ದವಾಗುತ್ತವೆ. ನಿಮ್ಮ ಫೋಟೋದ ಎಡ ಅಂಚಿನಲ್ಲಿ ಆರೇಳು ತೂತುಗಳು ಹಾಗೆ ಒಂದೇ ಕಡೆ ಓರೆಯಾಗಿ ನಿಂತಿವೆ, ಗಮನಿಸಿ. ಮಳೆ ಗಾಳಿ ಕೊರೆದ ತೂತುಗಳಿಗೆ ಇಂಥ ಒಗ್ಗಟ್ಟು ಇರುವುದಿಲ್ಲ.

ಗುಳ್ಳೆಯಲ್ಲದ ತೂತುಗಳು ಹಲವು ಬಗೆಯವು. ಸುಣ್ಣಕಲ್ಲನ್ನು ಮಳೆನೀರು ಕರಗಿಸಿ ಅಂಕುಡೊಂಕಾದ ಗುಳಿಗಳನ್ನು ಮಾಡುತ್ತದೆ. ಮೃದುವಾದ ಖನಿಜವೊಂದು ಉದುರಿಹೋದರೆ ಆ ಹರಳಿನ ಮೂಲೆಗಳಿರುವ ಗುಂಡಿ ಉಳಿಯುತ್ತದೆ. ಜಂಬಿಟ್ಟಿಗೆಯ ಸೊರಂಗದಂಥ ತೂತುಗಳಲ್ಲಿ ಕೈ ಹಾಕಿದರೆ ಜೇಡಿ ಹತ್ತುತ್ತದೆ. ಅದು ಮಣ್ಣಿನಿಂದ ಕರಗುವುದೆಲ್ಲ ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಆದ ಕಲ್ಲು, ಅನಿಲಕ್ಕೂ ಅದಕ್ಕೂ ಸಂಬಂಧವಿಲ್ಲ. ಇವನ್ನು ಬೇರ್ಪಡಿಸುವ ನೇರ ಉಪಾಯವೆಂದರೆ ಒಡೆದ ಹೊಸ ಮೈಯನ್ನು ನೋಡುವುದು. ಹವೆ ಕೊರೆದ ಗುಂಡಿ ಹೊರಮೈಯಲ್ಲೇ ನಿಂತುಬಿಡುತ್ತದೆ. ಗುಳ್ಳೆಗಳು ಒಳಗೂ ಇರುತ್ತವೆ, ಗಾಳಿಯ ಸೋಂಕೇ ಇಲ್ಲದ ಕಡೆಯೂ ಇರುತ್ತವೆ. ನಿಮ್ಮ ಕಲ್ಲಿನ ಒಂದು ಮೂಲೆ ಹಿಂದೆಂದೋ ಮುರಿದಿದೆ, ಅಲ್ಲಿಯೂ ತೂತುಗಳು ಕಾಣುತ್ತಿವೆ.

ಉಲ್ಕೆಯ ಮಾತಿಗೆ ಬರೋಣ. ಉಲ್ಕೆ ಎಂದುಕೊಂಡು ಜನ ತರುವ ಕಲ್ಲುಗಳಲ್ಲಿ ಇಂಥ ತೂತಿನ ಕಲ್ಲುಗಳನ್ನು ನಾನು ಬಹಳ ನೋಡಿದ್ದೇನೆ. ಆದರೆ ತೂತುಗಳೇ ಅದರ ವಿರುದ್ಧದ ಸಾಕ್ಷಿ. ತೀರಾ ಅಪರೂಪದ ಕೆಲವನ್ನು ಬಿಟ್ಟರೆ ಉಲ್ಕೆಗಳಲ್ಲಿ ಗುಳ್ಳೆ ಇರುವುದಿಲ್ಲ. ವಾತಾವರಣದಲ್ಲಿ ಉರಿಯುತ್ತ ಬರುವಾಗ ಅವುಗಳ ಮೇಲ್ಮೈ ಮಾತ್ರ ಕರಗಿ, ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳುವಾದ ಕಪ್ಪು ಹೊರಪೊರೆ ಉಂಟಾಗುತ್ತದೆ. ಕೆಲವು ಉಲ್ಕೆಗಳ ಮೇಲೆ ಹಸಿ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿದಂಥ ಆಳವಿಲ್ಲದ ತಗ್ಗುಗಳಿರುತ್ತವೆ. ಆ ತಗ್ಗುಗಳೇ ಬೇರೆ, ನಿಮ್ಮ ಕಲ್ಲಿನ ರಂಧ್ರಗಳೇ ಬೇರೆ. ಆಯಸ್ಕಾಂತ ಅಂಟಿತು ಎಂಬುದನ್ನು ಮಾತ್ರ ಆಧಾರವಾಗಿ ಹಿಡಿಯಬೇಡಿ. ಬಹುಪಾಲು ಉಲ್ಕೆಗಳು ಆಯಸ್ಕಾಂತಕ್ಕೆ ಸೆಳೆಯಲ್ಪಡುವುದು ನಿಜ. ಬಸಾಲ್ಟಿನಲ್ಲಿಯೂ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಸಣ್ಣ ಕಣಗಳಿರುತ್ತವೆ, ದಾರಕ್ಕೆ ಕಟ್ಟಿ ತೂಗುಬಿಟ್ಟ ಆಯಸ್ಕಾಂತವನ್ನು ಅದೂ ಸ್ವಲ್ಪ ಎಳೆಯುತ್ತದೆ.

ಬಸಾಲ್ಟಿಗೆ ನಿಜವಾದ ಪ್ರತಿಸ್ಪರ್ಧಿ ಉಲ್ಕೆಗಿಂತ ಹೆಚ್ಚಾಗಿ ಕಿಟ್ಟ, ಅಂದರೆ ಲೋಹ ಕರಗಿಸುವಾಗ ಉಳಿಯುವ ಕಸ. ಅದೂ ಕರಗಿ ಗಟ್ಟಿಯಾದದ್ದೇ, ಅದರಲ್ಲಿಯೂ ಅನಿಲದ ಗುಳ್ಳೆಗಳೇ. ಹಾಗಾಗಿ ತೂತಿನ ಆಕಾರದಿಂದ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಕಿಟ್ಟದ ಒಡೆದ ಮೈ ಹೆಚ್ಚಾಗಿ ಗಾಜಿನಂತೆ ಹೊಳೆಯುತ್ತದೆ, ಹಸಿರು ಅಥವಾ ನೀಲಿ ಛಾಯೆ ಇರಬಹುದು. ಗುಳ್ಳೆಗಳ ಗಾತ್ರದಲ್ಲಿ ಅಂಕೆ ಇರುವುದಿಲ್ಲ, ಸಾಸಿವೆಯಷ್ಟರ ಪಕ್ಕದಲ್ಲೇ ನೆಲ್ಲಿಕಾಯಿಯಷ್ಟು. ಒಳಗೆ ತುಕ್ಕು ಹಿಡಿದ ಕಬ್ಬಿಣದ ಹನಿಯೋ ಇದ್ದಿಲಿನ ಚೂರೋ ಸಿಕ್ಕರೆ ಮುಗಿಯಿತು, ಅದು ಮನುಷ್ಯನ ಕುಲುಮೆಯದು. ಬಸಾಲ್ಟಿನ ಹೊಸ ಮೈ ಮಂಕಾಗಿರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಸೂಜಿಯಂಥ ಫೆಲ್ಡ್‌ಸ್ಪಾರ್ ಎಂಬ ಖನಿಜದ ಹರಳುಗಳು ಮಿನುಗುವುದು ಕಾಣಬಹುದು.

ನಾನು ಬಸಾಲ್ಟ್ ಎಂದು ವಾಲಿದ್ದು ನಿಮ್ಮ ಫೋಟೋದ ಮಧ್ಯದಲ್ಲಿರುವ ನಾಲ್ಕು ತೂತುಗಳನ್ನು ನೋಡಿ. ಅವು ಖಾಲಿ ಇಲ್ಲ. ಒಂದು ಪೂರ್ತಿ ಬಿಳಿ ವಸ್ತುವಿನಿಂದ ತುಂಬಿದೆ, ಮೂರರಲ್ಲಿ ಗೋಡೆಯಿಂದ ಒಳಮುಖವಾಗಿ ಚೂಪು ತುದಿಯ ಹರಳುಗಳು ಬೆಳೆದಿವೆ. ಲಾವಾ ಗಟ್ಟಿಯಾದ ಎಷ್ಟೋ ಕಾಲದ ಮೇಲೆ ಬಿಸಿನೀರು ಆ ಗುಳ್ಳೆಗಳೊಳಗೆ ಜಿನುಗಿ ಖನಿಜ ಬಿಟ್ಟುಹೋದ ಗುರುತು ಇದು. ಹಳೆಯ ಕಿಟ್ಟದ ಮೇಲೂ ಬಿಳಿ ಲೇಪ ಕೂರುವುದುಂಟು, ಆದರೆ ಅದು ಪುಡಿಪುಡಿಯಾದ ಪೊರೆ. ಇಷ್ಟು ಚೊಕ್ಕವಾಗಿ ಗುಳ್ಳೆಯನ್ನು ತುಂಬಿದ ಹರಳಿನ ಗೊಂಚಲು ಲಾವಾ ಕಲ್ಲಿನ ಲಕ್ಷಣ. ಆ ಬಿಳಿ ವಸ್ತು ಜಿಯೊಲೈಟೋ, ಸುಣ್ಣಕಲ್ಲಿನ ಖನಿಜವಾದ ಕ್ಯಾಲ್ಸೈಟೋ, ಬೆಣಚೋ ಎಂಬುದನ್ನು ಮಾತ್ರ ಫೋಟೋ ಹೇಳದು. ಚಾಕುವಿನ ತುದಿ ಅದರ ಮೇಲೆ ಗೀರದೆ ಜಾರಿದರೆ ಬೆಣಚು, ಸುಲಭವಾಗಿ ಗೀರಿ ಆಮ್ಲಕ್ಕೆ ನೊರೆ ಬಂದರೆ ಕ್ಯಾಲ್ಸೈಟ್.

ಮನೆಯವರ ಅನುಮಾನ ಪೂರ್ತಿ ಹೋಗಬೇಕೆಂದರೆ ಸಾಂದ್ರತೆಯನ್ನು ಅಳೆಯಿರಿ. ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಮೊದಲು ಒಣ ಕಲ್ಲನ್ನು ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಅಂಕಿಯನ್ನು ಸೊನ್ನೆ ಮಾಡಿ. ಕಲ್ಲಿಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ, ದಾರಕ್ಕೆ ಕಟ್ಟಿ, ತಳಕ್ಕಾಗಲಿ ಬದಿಗಾಗಲಿ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೆಯೋ ಅಷ್ಟು ಘನ ಸೆಂಟಿಮೀಟರ್ ಕಲ್ಲಿನ ಗಾತ್ರ. ಕಲ್ಲು 412 ಗ್ರಾಂ ತೂಗಿ, ಮುಳುಗಿಸಿದಾಗ 178 ಬಂತೆನ್ನಿ. ಭಾಗಿಸಿದರೆ 2.3. ತೂತಿಲ್ಲದ ಬಸಾಲ್ಟ್ ಸುಮಾರು 2.8ರಿಂದ 3.0ರವರೆಗೆ ಇರುತ್ತದೆ, ಗುಳ್ಳೆಗಳ ಗಾಳಿ ಸೇರಿದ್ದರಿಂದ ಇಷ್ಟಕ್ಕೆ ಇಳಿಯುವುದು ಸಹಜ. ಉಲ್ಕೆಗಳಲ್ಲಿ ಹೆಚ್ಚಾಗಿ ಸಿಗುವ ಕಲ್ಲಿನ ಬಗೆ ಸಾಮಾನ್ಯವಾಗಿ 3ನ್ನು ದಾಟಿರುತ್ತದೆ, ಕಬ್ಬಿಣದ ಉಲ್ಕೆಯಾದರೆ 7ರ ಮೇಲೆ. ಪ್ಲಾಸ್ಟಿಕ್ ಸುತ್ತದೆ ಮುಳುಗಿಸಿದರೆ ನೀರು ತೂತಿನೊಳಗೆ ಹೋಗುತ್ತದೆ, ಗಾಳಿಯ ಸಣ್ಣ ಗುಳ್ಳೆಗಳು ಏಳುತ್ತಲೇ ಇರುತ್ತವೆ, ತಕ್ಕಡಿಯ ಅಂಕಿ ಒಂದೆಡೆ ನಿಲ್ಲುವುದಿಲ್ಲ. ಹಾಗಾದಾಗ ಬಂದ ಲೆಕ್ಕವನ್ನು ನಂಬಬಾರದು. ಕಿಟ್ಟವನ್ನು ಬಸಾಲ್ಟಿನಿಂದ ಬೇರ್ಪಡಿಸಲು ಈ ಅಳತೆಯಿಂದ ಉಪಯೋಗವಿಲ್ಲ, ಅದಕ್ಕೆ ಭೂತಗನ್ನಡಿಯೇ ಸರಿ.

ಎರಡನೆಯ ಕಲ್ಲು ಪಟ್ಟೆಯದು. ಗೆರೆ ಕಂಡೊಡನೆ ಪದರ ಎನ್ನುವುದು ಎಲ್ಲರ ಅಭ್ಯಾಸ, ಆದರೆ ಕಲ್ಲಿನ ಮೇಲೆ ಗೆರೆ ಮೂಡಲು ಕನಿಷ್ಠ ಮೂರು ದಾರಿಗಳಿವೆ. ನೀರು ಅಥವಾ ಗಾಳಿ ಹೊತ್ತು ತಂದ ಮರಳು, ಮಣ್ಣು ಒಂದರ ಮೇಲೊಂದು ಕೂತು ಆದ ಪದರಗಳು ಒಂದು. ಒತ್ತಡ, ಬಿಸಿಗೆ ಸಿಕ್ಕ ಕಲ್ಲಿನೊಳಗೆ ಖನಿಜಗಳೇ ಬೇರೆ ಬೇರೆಯಾಗಿ ಸಾಲುಗಟ್ಟಿ ಆದ ಪಟ್ಟೆಗಳು ಇನ್ನೊಂದು. ಕಲ್ಲಿನೊಳಗೆ ಇಳಿದ ನೀರು ಕಬ್ಬಿಣದ ಬಣ್ಣವನ್ನು ಅಲೆ ಅಲೆಯಾಗಿ ಬಿಟ್ಟ ಕಲೆ ಮೂರನೆಯದು. ಫೋಟೋದಲ್ಲಿ ಇವನ್ನು ಬಿಡಿಸಿ ನೋಡುವ ಕ್ರಮ ಹೀಗೆ: ಗೆರೆಯನ್ನು ದಾಟುವಾಗ ಏನು ಬದಲಾಗುತ್ತದೆ ಎಂದು ಕೇಳಿಕೊಳ್ಳಿ. ಕಣದ ಗಾತ್ರ ಬದಲಾದರೆ, ಅಂದರೆ ಒರಟು ಮರಳಿನಿಂದ ನುಣ್ಣನೆಯ ಮಣ್ಣಿಗೆ ಹೋದರೆ, ಅದು ನೀರು ಗಾಳಿ ಹಾಸಿದ ಪದರ. ಗಾತ್ರ ಹೆಚ್ಚುಕಡಿಮೆ ಅದೇ ಇದ್ದು ಖನಿಜ ಬದಲಾದರೆ ರೂಪಾಂತರದ ಪಟ್ಟೆ. ಗಾತ್ರವೂ ಖನಿಜವೂ ಬದಲಾಗದೆ ಬಣ್ಣ ಮಾತ್ರ ಬದಲಾದರೆ ಅದು ಕಲೆ. ಇಂಥ ಕಲೆ ನಿಜವಾದ ಪದರವನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋಗುವುದೂ ಉಂಟು, ಅದು ಕಂಡರೆ ಅನುಮಾನಕ್ಕೆ ಜಾಗವೇ ಉಳಿಯುವುದಿಲ್ಲ.

ನಿಮ್ಮ ಕಲ್ಲಿನ ಬಿಳಿ ಪಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಹರಳುಗಳು ಹೆಣೆದುಕೊಂಡಿವೆ. ಕಪ್ಪು ಪಟ್ಟೆಯ ಹರಳುಗಳೂ ಸುಮಾರು ಅಷ್ಟೇ, ಎಲ್ಲವೂ ಒಂದೇ ದಿಕ್ಕಿಗೆ ಮಲಗಿವೆ. ಪಟ್ಟೆಗಳು ಗೆರೆ ಎಳೆದಂತೆ ನೇರವಾಗಿಲ್ಲ. ಒಂದೆಡೆ ಉಬ್ಬಿ, ಇನ್ನೊಂದೆಡೆ ತೆಳ್ಳಗಾಗಿ ಸತ್ತುಹೋಗುತ್ತವೆ, ಬಲಗಡೆ ಒಂದು ಪಟ್ಟೆ ಮಡಚಿಕೊಂಡು ತನ್ನ ಮೇಲೆಯೇ ತಿರುಗಿದೆ. ಮೆತ್ತಗಾಗುವಷ್ಟು ಬಿಸಿಯಲ್ಲಿ ಹಿಂಡಿಸಿಕೊಂಡ ಕಲ್ಲು ಹೀಗಾಗುತ್ತದೆ. ಆದ್ದರಿಂದ ನೈಸ್ ಎಂದೆ. ಅಭ್ರಕದ ಪಾಲು ಹೆಚ್ಚಾಗಿ, ಇಡೀ ಕಲ್ಲು ಹಾಳೆ ಹಾಳೆಯಾಗಿ ಸೀಳುವಂತಿದ್ದರೆ ಶಿಸ್ಟ್ ಎನ್ನುತ್ತಿದ್ದೆ. ಕಣಗಳೇ ಕಾಣದಷ್ಟು ನುಣ್ಣಗಿದ್ದು ಚಪ್ಪಟೆ ಹಲಗೆಗಳಾಗಿ ಬಿಡಿಸಿಕೊಳ್ಳುವಂತಿದ್ದರೆ ಸ್ಲೇಟ್. ಈ ಮೂರರ ನಡುವೆ ಗೋಡೆಗಳಿಲ್ಲ, ಒಂದು ಮೆಲ್ಲಗೆ ಇನ್ನೊಂದಾಗುತ್ತದೆ. ಗಡಿಯ ಮೇಲೆ ಕೂತ ಕಲ್ಲಿಗೆ ಇಬ್ಬರು ಅನುಭವಿಗಳು ಎರಡು ಹೆಸರು ಕೊಟ್ಟರೆ ಇಬ್ಬರೂ ತಪ್ಪಲ್ಲ.

ಇಲ್ಲಿ ಕೈಗೆ ಉಳಿದಿರುವ ಕೆಲಸ ಚಿಕ್ಕದು. ಆ ಕಪ್ಪು ಖನಿಜ ಕಪ್ಪು ಅಭ್ರಕವೋ ಹಾರ್ನ್‌ಬ್ಲೆಂಡೋ ಎಂದು ಫೋಟೋದಲ್ಲಿ ಗೊತ್ತಾಗುತ್ತಿಲ್ಲ. ಸೂಜಿಯ ತುದಿಯಿಂದ ಕೆದಕಿ ನೋಡಿ. ಅಭ್ರಕವಾದರೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಬಾಗುವ ಹಾಳೆಗಳು ಏಳುತ್ತವೆ. ಹಾರ್ನ್‌ಬ್ಲೆಂಡ್ ಹಾಗೆ ಸುಲಿಯುವುದಿಲ್ಲ, ಬಲವಾಗಿ ಕೆದಕಿದರೆ ಚೂರಾಗುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ಪಟ್ಟೆ ಕಲ್ಲು ನೋಡಿದ್ದಕ್ಕಿಂತ ಕೈಗೆ ತೀರಾ ಭಾರವೆನಿಸಿದರೆ, ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಹಿಂಬದಿಗೆ ಉಜ್ಜಿ ನೋಡಿ. ಕೆಂಪು ಕಂದು ಒರೆ ಬಿದ್ದರೆ ಅದು ಹೆಮಟೈಟ್, ಕಪ್ಪು ಒರೆ ಬಿದ್ದು ಆಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಂಡರೆ ಮ್ಯಾಗ್ನೆಟೈಟ್. ಆಗ ನಿಮ್ಮ ಕೈಯಲ್ಲಿರುವುದು ಪಟ್ಟೆ ಪಟ್ಟೆಯಾದ ಕಬ್ಬಿಣದ ಅದಿರಿನ ಶಿಲೆ, ನೈಸ್ ಅಲ್ಲ. ಹಾಗಾದರೆ ನಾನು ಕೊಟ್ಟ ಹೆಸರನ್ನು ಹಿಂತೆಗೆದುಕೊಳ್ಳುತ್ತೇನೆ. ಬಿಳಿ ಪಟ್ಟೆಯಲ್ಲಿ ಫೆಲ್ಡ್‌ಸ್ಪಾರ್ ಇದೆಯೇ ಎಂಬುದನ್ನು ಕಲ್ಲನ್ನು ಬಿಸಿಲಿನಲ್ಲಿ ತಿರುಗಿಸುತ್ತ ನೋಡಬೇಕು. ಫೆಲ್ಡ್‌ಸ್ಪಾರ್ ಸಮತಟ್ಟಾದ ಮೈಯಲ್ಲಿ ಸೀಳುವುದರಿಂದ ಒಂದು ಕೋನಕ್ಕೆ ಬಂದಾಗ ಕನ್ನಡಿಯಂತೆ ಫಳಕ್ಕೆಂದು ಹೊಳೆದು ಮರೆಯಾಗುತ್ತದೆ. ಬೆಣಚಿಗೆ ಸೀಳು ಮೈ ಇಲ್ಲ, ಅದು ಒಡೆದ ಗಾಜಿನ ಅಂಚಿನಂತೆ ಎಲ್ಲ ಕಡೆಗೂ ಎಣ್ಣೆ ಹೊಳಪು ತೋರಿಸುತ್ತದೆ. ನಿಂತ ಚಿತ್ರದಲ್ಲಿ ಇದು ಸಿಗುವುದಿಲ್ಲ, ಕಲ್ಲನ್ನು ನಿಧಾನವಾಗಿ ತಿರುಗಿಸುತ್ತ ತೆಗೆದ ಹತ್ತು ಸೆಕೆಂಡಿನ ವಿಡಿಯೋದಲ್ಲಿ ಸಿಗುತ್ತದೆ.

ಈಗ ಮೂರನೆಯದು. ಅಮೃತಶಿಲೆ ಹುಟ್ಟುವುದು ಸುಣ್ಣಕಲ್ಲು ರೂಪಾಂತರಗೊಂಡಾಗ, ಕ್ವಾರ್ಟ್ಸೈಟ್ ಹುಟ್ಟುವುದು ಬೆಣಚಿನ ಮರಳುಗಲ್ಲು ರೂಪಾಂತರಗೊಂಡಾಗ. ಎರಡರಲ್ಲೂ ಹಳೆಯ ಕಣಗಳು ಮರುಹರಳಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅಮೃತಶಿಲೆಯಲ್ಲಿ ಬಹುಮಟ್ಟಿಗೆ ಕ್ಯಾಲ್ಸೈಟ್, ಕ್ವಾರ್ಟ್ಸೈಟಿನಲ್ಲಿ ಬಹುಮಟ್ಟಿಗೆ ಬೆಣಚು, ಹೀಗೆ ಒಂದೊಂದೇ ಖನಿಜ ಇರುವುದರಿಂದ ಪಟ್ಟೆ ಮೂಡದೆಯೂ ಇರಬಹುದು. ಕಣದ ಗಾತ್ರ, ಬಿಳುಪು, ಮಿನುಗು ಎಲ್ಲವೂ ಹೊಂದುತ್ತವೆ. ಹುಟ್ಟಿದ ಬಗೆ ಒಂದೇ ಆದ್ದರಿಂದ ಹೆಣಿಗೆಯೂ ಒಂದೇ, ಫೋಟೋ ತೋರಿಸುವುದು ಹೆಣಿಗೆಯನ್ನು ಮಾತ್ರ. ಸಾಂದ್ರತೆಯೂ ಕೈಹಿಡಿಯುವುದಿಲ್ಲ, ಕ್ಯಾಲ್ಸೈಟ್ 2.71, ಬೆಣಚು 2.65. ನಿಮ್ಮ ತಕ್ಕಡಿಗೆ ಆ ಅಂತರ ಕಾಣದು. ವರ್ಷಗಳ ಹಿಂದೆ ಇಂಥದ್ದೇ ಒಂದು ಫೋಟೋ ನೋಡಿ ನಾನು ಅಮೃತಶಿಲೆ ಎಂದು ಬರೆದುಕೊಟ್ಟಿದ್ದೆ. ಆಮೇಲೆ ಕಲ್ಲು ಕೈಗೆ ಬಂದಾಗ ಅದು ನನ್ನ ಚಾಕುವಿನ ತುದಿಯನ್ನೇ ಸವೆಸಿತು. ಆ ದಿನದಿಂದ ಬಿಳಿ ಸಕ್ಕರೆ ಕಲ್ಲಿಗೆ ಚಿತ್ರ ನೋಡಿ ಹೆಸರು ಕೊಡುವುದನ್ನು ಬಿಟ್ಟಿದ್ದೇನೆ.

ಕೈಯಲ್ಲಿ ಇವೆರಡರ ವ್ಯತ್ಯಾಸ ಅಗಾಧ. ಗಡಸುತನದ ಮೋಸ್ ಮಾಪಕದಲ್ಲಿ ಕ್ಯಾಲ್ಸೈಟ್ 3, ಬೆಣಚು 7. ಕಬ್ಬಿಣದ ಮೊಳೆ, ಕಿಟಕಿಯ ಗಾಜು ಇವು ಸುಮಾರು 5ರ ಆಸುಪಾಸಿನಲ್ಲಿ, ಎರಡರ ನಡುವೆ ನಿಲ್ಲುತ್ತವೆ. ಕಲ್ಲಿನ ಹೊಸದಾಗಿ ಒಡೆದ ಮೈಯ ಮೇಲೆ ಮೊಳೆಯಿಂದ ಒತ್ತಿ ಒಂದು ಅಂಗುಲದ ಗೆರೆ ಎಳೆಯಿರಿ. ಗೆರೆ ಮೂಡಿತು ಎಂದು ಅಲ್ಲಿಗೇ ನಿಲ್ಲಬೇಡಿ, ಒದ್ದೆ ಬೆರಳಿನಿಂದ ಉಜ್ಜಿ. ಅಮೃತಶಿಲೆಯಾದರೆ ಬಿಳಿ ಪುಡಿ ಬೆರಳಿಗೆ ಬಂದು, ಕೆಳಗೆ ಉಗುರಿಗೆ ತಾಕುವ ಗೀರು ಉಳಿದಿರುತ್ತದೆ. ಕ್ವಾರ್ಟ್ಸೈಟಾದರೆ ಉಳಿಯುವುದು ಬೂದು ಬಣ್ಣದ ಹೊಳೆಯುವ ಗೆರೆ, ಸವೆದದ್ದು ನಿಮ್ಮ ಮೊಳೆ. ಅನನುಭವಿಗಳು ಆ ಲೋಹದ ಗೆರೆಯನ್ನೇ ಗೀರು ಎಂದುಕೊಳ್ಳುವುದು ಬಹಳ ಸಾಮಾನ್ಯ.

ಇನ್ನೊಂದು ಕಡೆಯೂ ಮೋಸವಾಗಬಹುದು. ಮಳೆಬಿಸಿಲಿಗೆ ಸಡಿಲಗೊಂಡ ಕಲ್ಲಿನಲ್ಲಿ ಮೊಳೆ ತಾಗಿದಾಗ ಕಣಗಳು ಗೀರಿಸಿಕೊಳ್ಳದೆ ಕಿತ್ತು ಬರುತ್ತವೆ. ಪುಡಿ ಬಿತ್ತು, ಆದ್ದರಿಂದ ಮೆತ್ತನೆಯದು ಎಂದು ತಪ್ಪು ತಿಳಿಯುತ್ತೇವೆ. ಅದಕ್ಕಾಗಿ ಪರೀಕ್ಷೆಯನ್ನು ತಿರುಗಿಸಿ ಮಾಡಿ. ಕಲ್ಲಿನ ಚೂಪು ಮೂಲೆಯನ್ನು ಬೇಡವಾದ ಗಾಜಿನ ಚೂರಿನ ಮೇಲೆ ಒತ್ತಿ ಎಳೆಯಿರಿ. ಗಾಜನ್ನು ಮೇಜಿನ ಮೇಲೆ ಇಟ್ಟೇ ಮಾಡಬೇಕು, ಕೈಯಲ್ಲಿ ಹಿಡಿಯಬಾರದು. ಬೆಣಚಿನ ಕಣ ಗಾಜನ್ನು ಕೊರೆಯುವಾಗ ಕರಕರ ಎಂದು ಕಚ್ಚುವುದು ಕೈಗೇ ಗೊತ್ತಾಗುತ್ತದೆ, ಅಮೃತಶಿಲೆ ಜಾರಿಕೊಂಡು ಸುಣ್ಣದಂಥ ಗೆರೆ ಬಿಡುತ್ತದೆ.

ಎರಡನೆಯ ಪರೀಕ್ಷೆ ಆಮ್ಲದ್ದು. ನಾವು ಬಳಸುವುದು ಶೇಕಡಾ 10ಕ್ಕೆ ತೆಳುಮಾಡಿದ ಹೈಡ್ರೋಕ್ಲೋರಿಕ್ ಆಮ್ಲ. ಒಂದು ಹನಿ ಬಿದ್ದರೆ ಕ್ಯಾಲ್ಸೈಟ್ ಬುಸ್ಸೆಂದು ನೊರೆಯುಕ್ಕಿಸುತ್ತದೆ. ಅದು ನಿಮ್ಮಲ್ಲಿ ಇರುವುದಿಲ್ಲ, ಶೌಚಾಲಯ ತೊಳೆಯುವ ಆಮ್ಲವನ್ನು ಅದರ ಬದಲಿಗೆ ತರಬೇಡಿ. ವಿನೆಗರ್ ಸಾಕು, ತಾಳ್ಮೆ ಬೇಕು ಅಷ್ಟೆ. ಕಲ್ಲಿನ ಸಣ್ಣ ಚೂರೊಂದನ್ನು ಮೊದಲು ಬರೀ ನೀರಿನಲ್ಲಿ ಹಾಕಿ ಕೆಲವು ನಿಮಿಷ ಬಿಡಿ. ಸಂದಿಗಳ ಗಾಳಿ ಹೊರಬಂದು ಒಂದಷ್ಟು ಗುಳ್ಳೆಗಳು ಏಳುತ್ತವೆ, ಅವು ನಿಂತ ಮೇಲೆ ಚೂರನ್ನು ವಿನೆಗರಿಗೆ ಹಾಕಿ. ಈ ಹಂತವನ್ನು ಬಿಟ್ಟವರು ಗಾಳಿಗುಳ್ಳೆಯನ್ನು ನೊರೆ ಎಂದು ಬರೆದುಕೊಳ್ಳುತ್ತಾರೆ. ಕ್ಯಾಲ್ಸೈಟಾದರೆ ಚೂರಿನ ಮೈಮೇಲೆಲ್ಲ ಸೂಜಿಮೊನೆಯಷ್ಟು ಗುಳ್ಳೆಗಳು ಹುಟ್ಟಿ, ಬಿಟ್ಟು, ಮತ್ತೆ ಹುಟ್ಟುತ್ತಲೇ ಇರುತ್ತವೆ. ಕ್ವಾರ್ಟ್ಸೈಟ್ ಸುಮ್ಮನೆ ಬಿದ್ದಿರುತ್ತದೆ. ಗುಳ್ಳೆಗಳು ಒಂದು ಗೆರೆಯ ಗುಂಟ ಮಾತ್ರ ಎದ್ದರೆ ಅದು ಕಲ್ಲಿನ ಸ್ವಭಾವ ಅಲ್ಲ, ಬಿರುಕಿನಲ್ಲಿ ಆಮೇಲೆ ತುಂಬಿಕೊಂಡ ಕ್ಯಾಲ್ಸೈಟ್.

ಮೊಳೆ ಸುಲಭವಾಗಿ ಗೀರುತ್ತದೆ, ಗಾಜಿನ ಮೇಲೆ ಕಲ್ಲು ಜಾರುತ್ತದೆ, ಆದರೆ ವಿನೆಗರಿಗೆ ಏನೂ ಆಗುತ್ತಿಲ್ಲ ಎಂಬ ಸ್ಥಿತಿಯೂ ಬರಬಹುದು. ಆಗ ಎರಡು ಪರೀಕ್ಷೆಗಳು ಜಗಳವಾಡುತ್ತಿವೆ ಎಂದುಕೊಳ್ಳಬೇಡಿ. ಡಾಲಮೈಟ್ ಎಂಬ ಖನಿಜದ ಅಮೃತಶಿಲೆಯೂ ಇದೆ. ಅದರ ಗಡಸುತನ 3.5ರಿಂದ 4, ಹಾಗಾಗಿ ಮೊಳೆಗೆ ಸೋಲುತ್ತದೆ, ಆದರೆ ಆಮ್ಲಕ್ಕೆ ಬಹಳ ನಿಧಾನ. ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಅದು ಪುಡಿ ಮಾಡಿದ ಮೇಲೆಯೇ ಸರಿಯಾಗಿ ನೊರೆ ಕೊಡುವುದು. ಕಲ್ಲಿನ ಚೂರನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಆ ಪುಡಿಯ ಮೇಲೆ ಸ್ವಲ್ಪ ಬೆಚ್ಚಗೆ ಮಾಡಿದ ವಿನೆಗರ್ ಹನಿಸಿ ಭೂತಗನ್ನಡಿ ಹಿಡಿದು ನೋಡಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಕಾಣಬಹುದು. ಅಷ್ಟಕ್ಕೂ ಏನೂ ಕಾಣದಿದ್ದರೆ ಇದನ್ನು ಪ್ರಯೋಗಾಲಯದ ಆಮ್ಲಕ್ಕೆ ಬಿಡಬೇಕು, ಮನೆಯಲ್ಲಿ ಅದಕ್ಕಿಂತ ಮುಂದೆ ಹೋಗಲಾಗದು.

ಒಡೆಯುವಾಗ ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ, ಕಲ್ಲನ್ನು ದಪ್ಪ ಬಟ್ಟೆಯಿಂದ ಮುಚ್ಚಿರಲಿ. ಬೆಣಚಿನ ಚಕ್ಕೆ ಗಾಜಿನ ಚಕ್ಕೆಯಷ್ಟೇ ಚೂಪು. ಒಡೆದ ಮೇಲೆ ಆ ಹೊಸ ಮೈಯನ್ನು ಒಮ್ಮೆ ನೋಡಿಕೊಳ್ಳಿ. ಮರಳುಗಲ್ಲು ಕಣಗಳ ಸುತ್ತ ಬಳಸಿ ಒಡೆಯುವುದರಿಂದ ಬೆರಳಿಗೆ ಒರಟಾಗಿ, ಮರಳು ಕಾಗದದಂತೆ ತಾಗುತ್ತದೆ. ಕ್ವಾರ್ಟ್ಸೈಟಿನಲ್ಲಿ ಬಿರುಕು ಕಣಗಳನ್ನೇ ಸೀಳಿಕೊಂಡು ಹೋಗುವುದರಿಂದ ಮೈ ನಯವಾಗಿರುತ್ತದೆ.

ಮೊಳೆ, ಗಾಜು, ವಿನೆಗರ್ ಮೂರಕ್ಕೂ ಏನಾಯಿತೆಂದು ಬರೆದು ಕಳುಹಿಸಿ. ಜೊತೆಗೆ ಒಡೆದ ಮೈಯ ಎರಡು ಫೋಟೋ ಇರಲಿ, ಒಂದು ಒಣಗಿದ್ದಾಗ, ಒಂದು ಒದ್ದೆ ಮಾಡಿ. ನೆರಳಿನಲ್ಲಿ, ಫ್ಲಾಶ್ ಇಲ್ಲದೆ, ಬೆಳಕು ಒಂದು ಬದಿಯಿಂದ ಬೀಳುವಂತೆ ತೆಗೆಯಿರಿ. ಈ ಬಾರಿಯೂ ಪೆನ್ನಿನ ಮುಚ್ಚಳ ಪಕ್ಕದಲ್ಲಿರಲಿ.